ಬಾಗಿಲಿಗೆ ಬಂದ ಬೆಳ್ಳಿ ದೀಪ
ವೆಂಡರ್ ಕಳಿಸಿದ ಉಡುಗೊರೆ: ಪರೀಕ್ಷೆಯಲ್ಲೂ ಕಚೇರಿಯಲ್ಲೂ ಸರಿಯಾದ ಉತ್ತರ ಯಾವುದು?

ದೀಪಾವಳಿಗೆ ನಾಲ್ಕೈದು ದಿನ ಇದೆ ಎನ್ನುವಾಗ ಹೈದರಾಬಾದಿನ ಮಣಿಕೊಂಡದ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಡಬ್ಬಿಗಳ ರಾಶಿ ಬೀಳುತ್ತದೆ. ಸೆಕ್ಯುರಿಟಿಯವರು ಮನೆಗೆ ಫೋನ್ ಮಾಡುತ್ತಾರೆ, ಮನೆಯಲ್ಲಿದ್ದವರು ಕೆಳಗಿಳಿದು ಹೋಗಿ ತರುತ್ತಾರೆ. ಇಲ್ಲಿನ ಬಹಳಷ್ಟು ಮನೆಗಳಲ್ಲಿ ಒಬ್ಬರಾದರೂ ನಾನಕ್‌ರಾಮ್‌ಗುಡ, ಗಚ್ಚಿಬೌಲಿ ಕಡೆಯ ಐಟಿ ಕಚೇರಿಗಳಲ್ಲಿ ಕೆಲಸಕ್ಕಿರುವವರು. ಹಾಗಾಗಿ ಬಂದ ಡಬ್ಬಿಗಳಲ್ಲಿ ಕೆಲವು ನೆಂಟರಿಂದ ಬಂದದ್ದಲ್ಲ, ಕೆಲಸದ ಸಂಬಂಧದಿಂದ ಬಂದದ್ದು.

ಪ್ರಾಜೆಕ್ಟ್ ಮ್ಯಾನೇಜರುಗಳು ಬರೆಯುವ ಪಿಎಂಪಿ ಪರೀಕ್ಷೆಗೆ ಓದುತ್ತಿರುವ ಕೆಲವು ಕನ್ನಡಿಗರು ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಸೇರುತ್ತೇವೆ. ವೇಳಾಪಟ್ಟಿ, ಖರ್ಚಿನ ಲೆಕ್ಕ, ಅಪಾಯ ನಿರ್ವಹಣೆ ಎಲ್ಲದರಲ್ಲೂ ಚುರುಕಾಗಿರುವವರು ಒಂದು ಜಾಗದಲ್ಲಿ ಮತ್ತೆ ಮತ್ತೆ ಎಡವುತ್ತಾರೆ: ವೆಂಡರ್ ಉಡುಗೊರೆ ಕೊಟ್ಟಾಗ ಏನು ಮಾಡಬೇಕು ಎಂಬ ಕೇಸ್ ಪ್ರಶ್ನೆ. ಎಡವುವುದು ಅಪ್ರಾಮಾಣಿಕತೆಯಿಂದಲ್ಲ. ಎಲ್ಲರೂ ಮೊದಲು ಉಡುಗೊರೆಯ ಬೆಲೆಯನ್ನು ನೋಡುತ್ತಾರೆ. ನೋಡಬೇಕಾದದ್ದು ಬೇರೆ ಎರಡು ಸಂಗತಿ: ಆ ಹೊತ್ತಿನಲ್ಲಿ ನಿಮ್ಮ ಕೈಯಲ್ಲಿ ಯಾವ ತೀರ್ಮಾನ ಬಾಕಿ ಇದೆ, ಮತ್ತು ಉಡುಗೊರೆ ಬಂದದ್ದು ಯಾರಿಗೆ ಗೊತ್ತಿದೆ. ಒಂದು ಪ್ರಶ್ನೆಯನ್ನೇ ತೆಗೆದುಕೊಂಡು ಇದನ್ನು ಬಿಡಿಸಿ ನೋಡೋಣ.

ಪ್ರಶ್ನೆ

ನೀವು ಒಂದು ಸಾಫ್ಟ್‌ವೇರ್ ಪ್ರಾಜೆಕ್ಟಿನ ಮ್ಯಾನೇಜರ್. ಟೆಸ್ಟಿಂಗ್ ಕೆಲಸವನ್ನು ಹೊರಗಿನವರಿಗೆ ಕೊಡಲು ಮೂರು ಕಂಪನಿಗಳಿಂದ ಬಿಡ್ ಕರೆಯಲಾಗಿದೆ. ತಾಂತ್ರಿಕ ಅಂಕಗಳನ್ನು ನೀವೂ ಇನ್ನಿಬ್ಬರೂ ಸೋಮವಾರ ಕೊಟ್ಟು ಮುಗಿಸಿದ್ದೀರಿ. ಬೆಲೆಯ ಲಕೋಟೆಗಳು ಶುಕ್ರವಾರ ತೆರೆಯುತ್ತವೆ. ಬುಧವಾರ ಸಂಜೆ ನೀವು ಮನೆಗೆ ಬರುವಷ್ಟರಲ್ಲಿ ದೇವರ ಮನೆಯಲ್ಲಿ ಒಂದು ಜೊತೆ ಬೆಳ್ಳಿ ದೀಪ ಇದೆ, ಅಡುಗೆಮನೆಯಲ್ಲಿ ಒಣಹಣ್ಣಿನ ಡಬ್ಬಿ ತೆರೆದಿದೆ. ಕಳಿಸಿದವರು ಬಿಡ್ ಹಾಕಿರುವ ಮೂವರಲ್ಲಿ ಒಬ್ಬರು. ಎರಡು ವರ್ಷದಿಂದ ನಿಮ್ಮ ಜೊತೆ ಚೆನ್ನಾಗಿ ಕೆಲಸ ಮಾಡಿದವರು. ಜೊತೆಗಿರುವ ಕಾರ್ಡಿನಲ್ಲಿ ಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಇಲ್ಲ. ನಿಮ್ಮ ಕಂಪನಿಯ ನಿಯಮದ ಪ್ರಕಾರ 2,000 ರೂಪಾಯಿವರೆಗಿನ ಹಬ್ಬದ ಉಡುಗೊರೆ ತೆಗೆದುಕೊಳ್ಳಬಹುದು, ಆದರೆ ಬಿಡ್ ನಡೆಯುವಾಗ ಭಾಗವಹಿಸಿದ ಕಂಪನಿಗಳಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ನೀವು ಮೊದಲು ಏನು ಮಾಡಬೇಕು?

ಅ. ದೀಪಗಳ ಬೆಲೆ ವಿಚಾರಿಸಿ, 2,000 ರೂಪಾಯಿಯೊಳಗಿದ್ದರೆ ಇಟ್ಟುಕೊಳ್ಳುವುದು.

ಆ. ಒಣಹಣ್ಣನ್ನು ತಂಡಕ್ಕೆ ಹಂಚಿ, ದೀಪಗಳನ್ನು ಒಂದು ಅನಾಥಾಶ್ರಮಕ್ಕೆ ಕೊಡುವುದು.

ಇ. ಖರೀದಿ ವಿಭಾಗಕ್ಕೂ ಮೇಲಧಿಕಾರಿಗೂ ಲಿಖಿತವಾಗಿ ತಿಳಿಸಿ, ಉಡುಗೊರೆಯನ್ನು ವಿನಯದಿಂದ ಹಿಂದಿರುಗಿಸುವುದು.

ಈ. ಆ ಕಂಪನಿಯನ್ನು ಬಿಡ್‌ನಿಂದ ಹೊರಗಿಡುವುದು.

ಒಂದೊಂದೇ ಉತ್ತರವನ್ನು ತೂಗಿದಾಗ

ನಮ್ಮ ಗುಂಪಿನಲ್ಲಿ ಅರ್ಧದಷ್ಟು ಜನ ಮೊದಲ ಸಲ ‘ಅ’ ಎಂದರು. ಪ್ರಶ್ನೆಯಲ್ಲಿ 2,000 ಎಂಬ ಅಂಕಿ ಇದೆ, ಅದು ಕಣ್ಣನ್ನು ಎಳೆದುಕೊಂಡುಬಿಡುತ್ತದೆ. ಆದರೆ ಅದೇ ವಾಕ್ಯದ ಎರಡನೇ ಅರ್ಧ ಆ ಮಿತಿಯನ್ನು ತೆಗೆದುಹಾಕಿದೆ. ಬಿಡ್ ನಡೆಯುವಾಗ ನೂರು ರೂಪಾಯಿಯ ಸಿಹಿಯೂ ಸಲ್ಲದು, ಏಕೆಂದರೆ ಶುಕ್ರವಾರದ ತೀರ್ಮಾನದಲ್ಲಿ ನಿಮ್ಮ ಪಾತ್ರ ಇನ್ನೂ ಮುಗಿದಿಲ್ಲ. ಪ್ರಶ್ನೆ ತಯಾರಿಸುವವರು ಅಂಕಿಯನ್ನು ಬೇಕೆಂದೇ ಮುಂದೆ ಇಟ್ಟಿರುತ್ತಾರೆ. ದಿನಾಂಕಗಳನ್ನು ಓದಿದವರಿಗೆ ಉತ್ತರ ಸಿಗುತ್ತದೆ.

‘ಆ’ ಎಲ್ಲಕ್ಕಿಂತ ಮೋಹಕವಾದ ತಪ್ಪು. ತನಗಾಗಿ ಏನೂ ಇಟ್ಟುಕೊಳ್ಳಲಿಲ್ಲ, ದಾನ ಮಾಡಿಬಿಟ್ಟೆ ಎಂಬ ಸಮಾಧಾನ ಅದರಲ್ಲಿದೆ. ಆದರೆ ದಾನ ಮಾಡಬೇಕಾದರೆ ಆ ವಸ್ತು ಮೊದಲು ನಿಮ್ಮದಾಗಿರಬೇಕು. ಅಂದರೆ ನೀವು ಅದನ್ನು ಸ್ವೀಕರಿಸಿದ್ದೀರಿ ಎಂದೇ ಆಯಿತು. ವೆಂಡರ್‌ಗೆ ದೀಪ ವಾಪಸ್ ಬರಲಿಲ್ಲ, ಅವರ ಲೆಕ್ಕದಲ್ಲಿ ಅದು ತಲುಪಿದೆ. ನಿಮ್ಮ ಕಚೇರಿಗೆ ಏನೂ ಗೊತ್ತಿಲ್ಲ. ನಾಳೆ ಸೋತ ಕಂಪನಿಯೊಂದು ದೂರು ಕೊಟ್ಟರೆ ಅನಾಥಾಶ್ರಮದ ರಸೀದಿ ನಿಮ್ಮನ್ನು ಕಾಪಾಡುವುದಿಲ್ಲ. ಉಡುಗೊರೆ ನಿಮ್ಮ ಮನೆಗೆ ಬಂದಿತ್ತು ಎಂಬುದಕ್ಕೆ ಆ ರಸೀದಿಯೇ ಸಾಕ್ಷಿಯಾಗುತ್ತದೆ.

‘ಈ’ ಕಟ್ಟುನಿಟ್ಟಾಗಿ ಕಾಣುತ್ತದೆ, ಆದರೆ ಆ ಅಧಿಕಾರ ನಿಮ್ಮದಲ್ಲ. ಆ ಕಂಪನಿ ಬಿಡ್‌ನ ಷರತ್ತು ಮುರಿದಿದೆಯೇ, ಗ್ರಾಹಕರೆಲ್ಲರಿಗೂ ಹಂಚುವ ಪಟ್ಟಿಯಲ್ಲಿ ಯಾರೋ ನಿಮ್ಮ ಹೆಸರನ್ನು ಸೇರಿಸಿಬಿಟ್ಟಿದ್ದರೇ ಎಂಬುದನ್ನು ವಿಚಾರಿಸಬೇಕಾದವರು ಖರೀದಿ ವಿಭಾಗದವರು. ಉಡುಗೊರೆಗೆ ಮಣಿದು ಒಬ್ಬರಿಗೆ ಕೆಲಸ ಕೊಡುವುದು ಎಷ್ಟು ಅನ್ಯಾಯವೋ, ವಿಚಾರಣೆ ಇಲ್ಲದೆ ಒಬ್ಬರ ಕೆಲಸ ಕಿತ್ತುಕೊಳ್ಳುವುದೂ ಅಷ್ಟೇ ಅನ್ಯಾಯ.

ಉಳಿದದ್ದು ‘ಇ’. ಅದರಲ್ಲಿ ಎರಡು ಕೆಲಸ ಇದೆ: ತಿಳಿಸುವುದು, ಹಿಂದಿರುಗಿಸುವುದು. ಕ್ರಮವೂ ಅದೇ. ಮೊದಲೇ ಸದ್ದಿಲ್ಲದೆ ಹಿಂದಿರುಗಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿದರೆ ನಡೆದ ಸಂಗತಿ ನಿಮಗೂ ವೆಂಡರ್‌ಗೂ ಮಾತ್ರ ಗೊತ್ತಿರುವ ಗುಟ್ಟಾಗಿ ಉಳಿಯುತ್ತದೆ. ಅಂಕ ಕೊಟ್ಟ ಇನ್ನಿಬ್ಬರ ಮನೆಗೂ ಅಂಥದೇ ಡಬ್ಬಿ ಹೋಗಿದ್ದರೆ ಅದು ಕಚೇರಿಗೆ ತಿಳಿಯುವುದೇ ಇಲ್ಲ.

ಈ ಉತ್ತರದ ಬೇರು ಎಲ್ಲಿದೆ

ಪಿಎಂಪಿ ಪರೀಕ್ಷೆ ನಡೆಸುವ ಪಿಎಂಐ ಸಂಸ್ಥೆಗೆ ತನ್ನದೇ ನೀತಿಸಂಹಿತೆ ಇದೆ. ಹೊಣೆಗಾರಿಕೆ, ಗೌರವ, ನ್ಯಾಯಪರತೆ, ಪ್ರಾಮಾಣಿಕತೆ ಎಂಬ ನಾಲ್ಕು ಮೌಲ್ಯಗಳ ಮೇಲೆ ಅದು ನಿಂತಿದೆ. ಪ್ರತಿ ಮೌಲ್ಯದಡಿ ಪಾಲಿಸಲು ಪ್ರಯತ್ನಿಸಬೇಕಾದ ನಡತೆ ಒಂದು ಕಡೆ, ಪಾಲಿಸಲೇಬೇಕಾದ ನಡತೆ ಇನ್ನೊಂದು ಕಡೆ ಎಂದು ಎರಡು ಭಾಗ. ಉಡುಗೊರೆಯ ಪ್ರಶ್ನೆಗೆ ಉತ್ತರ ಬರುವುದು ಹೆಚ್ಚಾಗಿ ನ್ಯಾಯಪರತೆಯಡಿಯ ಕಡ್ಡಾಯ ಭಾಗದಿಂದ.

ಅಲ್ಲಿ ಹೇಳಿರುವುದು ಇಷ್ಟು. ನಿಮ್ಮ ಸ್ವಂತ ಲಾಭಕ್ಕೂ ಕೆಲಸದ ತೀರ್ಮಾನಕ್ಕೂ ಘರ್ಷಣೆ ಇದ್ದರೆ, ಅಥವಾ ಇರಬಹುದು ಎನಿಸಿದರೆ, ಅದನ್ನು ಸಂಬಂಧಪಟ್ಟವರಿಗೆ ನೀವಾಗಿಯೇ, ಪೂರ್ತಿಯಾಗಿ ತಿಳಿಸಬೇಕು. ಆಮೇಲೆ ಆ ತೀರ್ಮಾನದಿಂದ ದೂರ ನಿಲ್ಲಬೇಕು. ಮತ್ತೆ ಒಳಬರಲು ಮೂರು ಷರತ್ತು ಪೂರೈಸಿರಬೇಕು: ಬಾಧಿತರಿಗೆಲ್ಲ ವಿಷಯ ತಿಳಿದಿರಬೇಕು, ಘರ್ಷಣೆಯನ್ನು ನಿಭಾಯಿಸುವ ಒಂದು ಯೋಜನೆಗೆ ಒಪ್ಪಿಗೆ ಸಿಕ್ಕಿರಬೇಕು, ನೀವು ಮುಂದುವರಿಯಲು ಅವರು ಸಮ್ಮತಿಸಿರಬೇಕು.

ಹಾಗಾಗಿ ದೀಪ ಹಿಂದಿರುಗಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಶುಕ್ರವಾರದ ಸಭೆಯಲ್ಲಿ ನೀವು ಕೂರಬೇಕೋ ಬೇಡವೋ ಎಂಬ ಪ್ರಶ್ನೆ ಉಳಿದಿದೆ, ಅದನ್ನು ನಿರ್ಧರಿಸುವವರು ನೀವಲ್ಲ. ಸೋಮವಾರವೇ ಅಂಕ ಕೊಟ್ಟಾಗಿದೆ, ಡಬ್ಬಿ ಬಂದದ್ದು ಬುಧವಾರ. ಆದ್ದರಿಂದ ಖರೀದಿ ವಿಭಾಗದವರು ಆ ಅಂಕಗಳನ್ನು ಮತ್ತೊಬ್ಬರಿಂದ ಪರಿಶೀಲಿಸಿ, ನಿಮ್ಮನ್ನು ಮುಂದುವರಿಸಬಹುದು. ಡಬ್ಬಿ ಅಂಕ ಕೊಡುವ ಮುಂಚೆಯೇ ಬಂದಿದ್ದರೆ ನಿಮ್ಮ ಬದಲಿಗೆ ಬೇರೆಯವರನ್ನು ಕೂರಿಸುವುದೇ ಸರಿ ಎನಿಸಬಹುದು. ಮುಂದೆ ‘ನಂತರ ಏನು ಮಾಡಬೇಕು’ ಎಂಬ ಎರಡನೇ ಪ್ರಶ್ನೆ ಬಂದರೆ ಉತ್ತರ ಈ ಮೂರು ಷರತ್ತುಗಳಲ್ಲಿ ಸಿಗುತ್ತದೆ.

ಪತ್ರದಲ್ಲಿ ಏನಿರಬೇಕು

ಪರೀಕ್ಷೆಯಲ್ಲಿ ಒಂದು ಅಕ್ಷರ ಗುರುತು ಮಾಡಿದರೆ ಸಾಕು. ನಿಜವಾಗಿ ಡಬ್ಬಿ ಬಂದಾಗ ಒಂದು ಇಮೇಲ್ ಬರೆಯಬೇಕಾಗುತ್ತದೆ. ಅದೇ ರಾತ್ರಿ ಬರೆಯಿರಿ, ಏಕೆಂದರೆ ತಡವಾದಷ್ಟೂ ವಿವರಣೆ ಉದ್ದವಾಗುತ್ತದೆ. ಸಂಗತಿಯನ್ನಷ್ಟೇ ಬರೆಯಿರಿ, ವೆಂಡರ್‌ನ ಮನಸ್ಸಿನಲ್ಲಿ ಏನಿತ್ತು ಎಂಬ ಊಹೆ ಬೇಡ. ನಮ್ಮ ಗುಂಪಿನಲ್ಲಿ ಎಲ್ಲರೂ ಸೇರಿ ತಿದ್ದಿದ ಮಾದರಿ ಹೀಗಿದೆ:

“ಇಂದು ಸಂಜೆ ನಾನಿಲ್ಲದಾಗ ನಮ್ಮ ಮನೆಗೆ ಟೆಸ್ಟಿಂಗ್ ಬಿಡ್‌ನಲ್ಲಿ ಭಾಗವಹಿಸಿರುವ ಕಂಪನಿಯೊಂದರಿಂದ ಹಬ್ಬದ ಉಡುಗೊರೆ ಬಂದಿದೆ. ಒಂದು ಜೊತೆ ಬೆಳ್ಳಿ ದೀಪ ಮತ್ತು ಒಂದು ಡಬ್ಬಿ ಒಣಹಣ್ಣು, ಬೆಲೆ ಗೊತ್ತಿಲ್ಲ. ವಿಷಯ ಗೊತ್ತಿಲ್ಲದೆ ಮನೆಯವರು ಒಣಹಣ್ಣಿನ ಡಬ್ಬಿ ತೆರೆದಿದ್ದಾರೆ, ದೀಪಗಳನ್ನು ಬಳಸಿಲ್ಲ. ಕಾರ್ಡ್ ಮತ್ತು ಪೊಟ್ಟಣದ ಫೋಟೋಗಳನ್ನು ಲಗತ್ತಿಸಿದ್ದೇನೆ. ಇದನ್ನು ಹಿಂದಿರುಗಿಸಲು ಬಯಸುತ್ತೇನೆ. ಕಂಪನಿಯ ಕ್ರಮ ಏನೆಂದು ತಿಳಿಸಿ. ಬಿಡ್ ಪರಿಶೀಲನೆಯಲ್ಲಿ ನಾನು ಮುಂದುವರಿಯಬೇಕೇ ಎಂಬುದನ್ನು ನೀವು ನಿರ್ಧರಿಸುವವರೆಗೆ ಆ ಕೆಲಸದಿಂದ ದೂರ ಇರುತ್ತೇನೆ.”

ತೆರೆದ ಡಬ್ಬಿಯ ಮಾತನ್ನು ಬಿಡಬೇಡಿ. ಹತ್ತು ಗೋಡಂಬಿ ತಿಂದದ್ದು ದೊಡ್ಡ ವಿಷಯವಲ್ಲ, ಆದರೆ ‘ಮುಟ್ಟಿಲ್ಲ’ ಎಂದು ಬರೆದು ಆಮೇಲೆ ಡಬ್ಬಿ ಖಾಲಿ ಎಂದು ಗೊತ್ತಾದರೆ ಇಡೀ ಪತ್ರದ ಮೇಲಿನ ನಂಬಿಕೆ ಹೋಗುತ್ತದೆ. ತಿಂದದ್ದನ್ನು ಹಿಂದಿರುಗಿಸಲಾಗದು. ಅದರ ಬೆಲೆ ಕಟ್ಟಿಕೊಡಬೇಕೇ, ದಾಖಲೆ ಮಾಡಿದರೆ ಸಾಕೇ ಎಂಬುದನ್ನು ಕಂಪನಿ ಹೇಳುತ್ತದೆ. ದೀಪಗಳನ್ನು ಹಿಂದಕ್ಕೆ ಕಳಿಸುವಾಗ ಕೊರಿಯರ್ ರಸೀದಿಯನ್ನು ಅದೇ ಇಮೇಲ್‌ಗೆ ಉತ್ತರವಾಗಿ ಸೇರಿಸಿ.

ವೆಂಡರ್‌ಗೆ ಬರೆಯುವ ಮಾತು ಮೃದುವಾಗಿರಲಿ. “ಹಬ್ಬಕ್ಕೆ ನೆನೆದದ್ದಕ್ಕೆ ಧನ್ಯವಾದ. ಬಿಡ್ ನಡೆಯುತ್ತಿರುವಾಗ ನಮ್ಮ ಕಂಪನಿಯ ನಿಯಮ ಇದಕ್ಕೆ ಅವಕಾಶ ಕೊಡುವುದಿಲ್ಲ, ಹಾಗಾಗಿ ಹಿಂದಿರುಗಿಸುತ್ತಿದ್ದೇನೆ” ಎಂದರೆ ಸಾಕು. ನಿಯಮದ ಹೆಸರು ಹೇಳಿದರೆ ಅವರಿಗೆ ಅವಮಾನ ಆಗುವುದಿಲ್ಲ, ಮುಂದಿನ ವರ್ಷ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಲು ಅವರಿಗೂ ಒಂದು ಕಾರಣ ಸಿಗುತ್ತದೆ.

ಒಂದು ಸಾಲು ಬದಲಾದರೆ ಉತ್ತರವೂ ಬದಲು

ಪರೀಕ್ಷೆಯವರು ಇದೇ ಕಥೆಯಲ್ಲಿ ಒಂದು ಸಾಲು ಬದಲಿಸಿ ಇನ್ನೊಂದು ಪ್ರಶ್ನೆ ಮಾಡುತ್ತಾರೆ.

ಬಿಡ್ ಯಾವುದೂ ಇಲ್ಲ, ಕಂಪನಿಯ ನಿಯಮ ಏನೆಂದೂ ನಿಮಗೆ ಗೊತ್ತಿಲ್ಲ ಎಂದಿಟ್ಟುಕೊಳ್ಳಿ. ಆಗ ಮೊದಲ ಹೆಜ್ಜೆ ನಿಯಮವನ್ನು ಓದುವುದು. ತೆಗೆದುಕೊಳ್ಳುವುದೂ ತಿರಸ್ಕರಿಸುವುದೂ ಆಮೇಲಿನ ಮಾತು. ತನ್ನ ಕೆಲಸಕ್ಕೆ ಅನ್ವಯಿಸುವ ನಿಯಮ, ಕಾನೂನುಗಳನ್ನು ತಿಳಿದುಕೊಂಡಿರುವುದು ಸಂಹಿತೆಯ ಪ್ರಕಾರ ಹೊಣೆಗಾರಿಕೆಯ ಭಾಗವೇ. ನಿಯಮ ಒಪ್ಪಿದರೆ ಸಿಹಿಯ ಡಬ್ಬಿಯನ್ನು ಕಚೇರಿಯ ಮೇಜಿನ ಮೇಲಿಟ್ಟು ಎಲ್ಲರೂ ತಿನ್ನಬಹುದು. ಬೇರೆ ದೇಶದ ಗ್ರಾಹಕರ ಸಂಪ್ರದಾಯದಂತೆ ಬಂದ ಉಡುಗೊರೆಯನ್ನು ತಳ್ಳಿದರೆ ಅವಮಾನವಾಗುತ್ತದೆ ಎಂಬ ಪ್ರಶ್ನೆಗೂ ದಾರಿ ಇದೇ. ನಿಯಮದಲ್ಲಿ ಅವಕಾಶ ಇದ್ದರೆ ಕಂಪನಿಯ ಪರವಾಗಿ ಸ್ವೀಕರಿಸಿ, ದಾಖಲಿಸಿ, ಕಂಪನಿಗೆ ಒಪ್ಪಿಸಬೇಕು.

ಇನ್ನೊಂದು ಸಂದರ್ಭ: ಉಡುಗೊರೆ ಪಡೆದವರು ನೀವಲ್ಲ, ನಿಮ್ಮ ಸಹೋದ್ಯೋಗಿ. ಊಟದ ಹೊತ್ತಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದೀರಿ, ಕಣ್ಣಾರೆ ಕಂಡಿಲ್ಲ. ಇಲ್ಲಿ ‘ತಕ್ಷಣ ಪಿಎಂಐಗೆ ದೂರು ಕೊಡುವುದು’ ಎಂಬ ಆಯ್ಕೆ ಇದ್ದೇ ಇರುತ್ತದೆ, ಅದು ಬಹುತೇಕ ತಪ್ಪೇ. ದೂರು ಆಧಾರದ ಮೇಲೆ ಇರಬೇಕು ಎಂದು ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ನಿಮಗೆ ಗೊತ್ತಿರುವ ಸಂಗತಿ ಎಷ್ಟು, ಕೇಳಿದ ಮಾತು ಎಷ್ಟು ಎಂದು ಬೇರ್ಪಡಿಸಿ, ನಿಮ್ಮ ಕಂಪನಿಯೊಳಗಿನ ಸೂಕ್ತ ಅಧಿಕಾರಿಗೆ ತಿಳಿಸಬೇಕು. ವಿಚಾರಣೆ ಅವರ ಕೆಲಸ. ಸುಮ್ಮನಿರುವುದೂ ತಪ್ಪು, ಗುಸುಗುಸು ಹಬ್ಬಿಸುವುದೂ ತಪ್ಪು.

ಮೂರನೆಯದು, ಉಡುಗೊರೆ ಪಡೆಯುವವರು ಸರ್ಕಾರಿ ನೌಕರರು. ಆಗ ಕಂಪನಿಯ ನಿಯಮದ ಜೊತೆಗೆ ಅವರ ಸೇವಾ ನಿಯಮವೂ ಅನ್ವಯಿಸುತ್ತದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳ 13ನೇ ನಿಯಮದಂತೆ, ಸರ್ಕಾರದ ಮಂಜೂರಾತಿ ಇಲ್ಲದೆ ಗ್ರೂಪ್ ಎ ಮತ್ತು ಬಿ ಅಧಿಕಾರಿಗಳು 5,000 ರೂಪಾಯಿ, ಗ್ರೂಪ್ ಸಿ ನೌಕರರು 2,000 ರೂಪಾಯಿ ಮೀರಿದ ಉಡುಗೊರೆ ತೆಗೆದುಕೊಳ್ಳುವಂತಿಲ್ಲ. ಅಪರೂಪಕ್ಕೊಂದು ಊಟ, ಕಾರಿನಲ್ಲಿ ಒಂದು ಲಿಫ್ಟ್ ಇವನ್ನು ಆ ನಿಯಮ ಉಡುಗೊರೆ ಎಂದು ಎಣಿಸುವುದಿಲ್ಲ. ಆದರೆ ಕಚೇರಿ ವ್ಯವಹಾರ ಇರುವ ಸಂಸ್ಥೆಗಳಿಂದ ಅದ್ದೂರಿ ಆತಿಥ್ಯವನ್ನಾಗಲಿ, ಪದೇ ಪದೇ ಬರುವ ಆತಿಥ್ಯವನ್ನಾಗಲಿ ಒಪ್ಪಬಾರದು ಎನ್ನುತ್ತದೆ. ಈ ಮಿತಿಯೊಳಗಿದೆ ಎಂದ ಮಾತ್ರಕ್ಕೆ ಕಡತ ಮುಂದೆ ಸಾಗಿಸಲು ಕೊಟ್ಟದ್ದು ಉಡುಗೊರೆ ಆಗಿಬಿಡುವುದಿಲ್ಲ. ಅದು ಲಂಚ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ಬಳಿಕ ಕೊಟ್ಟವರೂ ನೇರವಾಗಿ ಅಪರಾಧಿಗಳು. ಬಲವಂತಕ್ಕೆ ಒಳಗಾಗಿ ಕೊಟ್ಟವರು ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ಅವರಿಗೆ ರಕ್ಷಣೆ.

ಕೊಡುವ ಕೈ ನಮ್ಮದಾದಾಗ

ಇಲ್ಲಿಯವರೆಗೆ ನಮ್ಮನ್ನು ಪಡೆಯುವವರ ಜಾಗದಲ್ಲಿಟ್ಟು ಮಾತಾಡಿದೆವು. ಆದರೆ ಹೈದರಾಬಾದ್, ಬೆಂಗಳೂರಿನ ಐಟಿ ಸೇವಾ ಕಂಪನಿಗಳಲ್ಲಿ ಕೆಲಸ ಮಾಡುವವರು ಜಗತ್ತಿನ ಕಣ್ಣಿಗೆ ವೆಂಡರ್‌ಗಳೇ. ಈ ವಿಷಯದ ಅತ್ಯಂತ ದೊಡ್ಡ ಪಾಠಗಳು ಬಂದದ್ದೂ ಆ ಕಡೆಯಿಂದ.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ವಿಶ್ವಬ್ಯಾಂಕಿಗೆ ಐಟಿ ಸೇವೆ ಕೊಡುತ್ತಿತ್ತು. ಬ್ಯಾಂಕಿನ ಸಿಬ್ಬಂದಿಗೆ ಅನುಚಿತ ಲಾಭ ಒದಗಿಸಿದ್ದಕ್ಕೆ ಮತ್ತು ಉಪಗುತ್ತಿಗೆದಾರರ ಶುಲ್ಕಕ್ಕೆ ದಾಖಲೆ ಇಡದಿದ್ದಕ್ಕೆ ವಿಶ್ವಬ್ಯಾಂಕ್ 2008ರಲ್ಲಿ ಅದಕ್ಕೆ ಎಂಟು ವರ್ಷ ನೇರ ಗುತ್ತಿಗೆಗಳಿಂದ ನಿಷೇಧ ಹಾಕಿತು. ಆ ಡಿಸೆಂಬರಿನಲ್ಲಿ ಅದು ಬಹಿರಂಗವಾಯಿತು. ಎರಡೇ ವಾರದಲ್ಲಿ, 2009ರ ಜನವರಿ 7ರಂದು, ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕಪತ್ರದ ವಂಚನೆಯನ್ನು ಒಪ್ಪಿಕೊಂಡು ಪತ್ರ ಬರೆದರು. ಎಲ್ಲರ ನೆನಪಿನಲ್ಲಿ ಉಳಿದದ್ದು ಆ ಪತ್ರ. ಅದಕ್ಕೆ ಮುಂಚಿನ ನಿಷೇಧವನ್ನು ಮರೆತೇಬಿಟ್ಟೆವು.

ಅದೇ ಜನವರಿಯಲ್ಲಿ ಬೆಂಗಳೂರಿನ ವಿಪ್ರೊ ಹೆಸರೂ ಹೊರಬಂತು. 2007ರಲ್ಲೇ ವಿಶ್ವಬ್ಯಾಂಕ್ ಅದನ್ನು ನಾಲ್ಕು ವರ್ಷ ಹೊರಗಿಟ್ಟಿತ್ತು. ಕಲಿಯಲು ಹೆಚ್ಚು ಇರುವುದು ಈ ಪ್ರಕರಣದಲ್ಲಿ. ವಿಪ್ರೊ 2000ರಲ್ಲಿ ಅಮೆರಿಕದ ಷೇರುಪೇಟೆಗೆ ಕಾಲಿಟ್ಟಾಗ ಒಂದಿಷ್ಟು ಷೇರುಗಳನ್ನು ನೌಕರರು, ಗ್ರಾಹಕರ ಕಡೆಯವರು ಮುಂತಾದ ಆಯ್ದವರಿಗೆ ಮೀಸಲಿಟ್ಟಿತ್ತು. ಅವನ್ನು ಕೊಂಡವರಲ್ಲಿ ವಿಶ್ವಬ್ಯಾಂಕಿನ ಸಿಬ್ಬಂದಿಯೂ ಇದ್ದರು. ಅವರು ಬಿಟ್ಟಿ ಪಡೆಯಲಿಲ್ಲ, ಕೊಡುಗೆಯ ಬೆಲೆ ತೆತ್ತೇ ಕೊಂಡಿದ್ದರು ಎಂಬುದು ಕಂಪನಿಯ ವಾದ. ಆದರೂ ಬ್ಯಾಂಕಿನ ದೃಷ್ಟಿಯಲ್ಲಿ ಅದು ಅನುಚಿತ ಲಾಭವೇ ಆಯಿತು.

ಇದರಿಂದ ಕೇಸ್ ಪ್ರಶ್ನೆಗೆ ಎರಡು ತಿಳಿವಳಿಕೆ ಸಿಗುತ್ತದೆ. ಉಡುಗೊರೆ ಎಂದರೆ ಪೊಟ್ಟಣದಲ್ಲಿ ಬರುವ ವಸ್ತು ಮಾತ್ರವಲ್ಲ. ಎಲ್ಲರಿಗೂ ಸಿಗದ ಷೇರು, ಮಗನಿಗೆ ಇಂಟರ್ನ್‌ಶಿಪ್, ಕ್ರಿಕೆಟ್ ಪಂದ್ಯದ ಟಿಕೆಟ್, ಅರ್ಧ ಬೆಲೆಯ ಪ್ರವಾಸ ಎಲ್ಲವೂ ಅದೇ ಸಾಲಿಗೆ ಸೇರುತ್ತವೆ. ದುಡ್ಡು ಕೊಟ್ಟಿದ್ದೇನೆ ಎಂಬ ಮಾತು ಅಲ್ಲಿಗೆ ಪ್ರಶ್ನೆಯನ್ನು ಮುಗಿಸುವುದಿಲ್ಲ, ಆ ಅವಕಾಶ ನಿಮ್ಮ ಹುದ್ದೆ ನೋಡಿ ಬಂತೇ ಎಂದು ಕೇಳಬೇಕು. ಎರಡನೆಯದು, ಕೊಡುವಾಗ ನಮ್ಮ ಕಂಪನಿಯ ನಿಯಮ ಒಪ್ಪಿದರೆ ಸಾಲದು, ಪಡೆಯುವವರ ನಿಯಮವೂ ಒಪ್ಪಬೇಕು. ‘ಗ್ರಾಹಕರಿಗೆ ಹಬ್ಬದ ಉಡುಗೊರೆ ಕಳಿಸಲು ನಿಮ್ಮ ಸೇಲ್ಸ್ ತಂಡ ಹೇಳುತ್ತಿದೆ, ಮೊದಲು ಏನು ಮಾಡುತ್ತೀರಿ’ ಎಂಬ ಪ್ರಶ್ನೆಗೆ ಉತ್ತರ, ಗ್ರಾಹಕರ ಉಡುಗೊರೆ ನೀತಿಯನ್ನು ಕೇಳಿ ತಿಳಿಯುವುದು.

ಮನೆಯಲ್ಲಿ ಹೇಳಿಡಬೇಕಾದ ಮಾತು

ನಮ್ಮ ಗುಂಪಿನ ಗೆಳತಿಯೊಬ್ಬರ ಮನೆಗೆ ಹಿಂದೊಮ್ಮೆ ಇಂಥದೇ ಡಬ್ಬಿ ಬಂದಿತ್ತು, ತೆಗೆದುಕೊಂಡವರು ಅವರ ತಾಯಿ. “ಹಬ್ಬದ ದಿನ ಬಂದ ದೀಪಾನ ಯಾರಾದ್ರೂ ವಾಪಸ್ ಕಳಿಸ್ತಾರೇನೇ?” ಎಂದು ಆ ಅಮ್ಮ ನೊಂದುಕೊಂಡರಂತೆ. ಅವರ ಮಾತಿನಲ್ಲಿ ತಪ್ಪಿಲ್ಲ. ಬಾಗಿಲಿಗೆ ಬಂದ ದೀಪವನ್ನು ಒಳಗೆ ಕರೆದುಕೊಳ್ಳುವುದೇ ನಮ್ಮ ಪದ್ಧತಿ. ಆಫೀಸಿನ ಬದಲು ಮನೆಗೆ, ತಂಡದ ಬದಲು ಒಬ್ಬರ ಹೆಸರಿಗೆ ಕಳಿಸುವವರು ನೆಚ್ಚಿಕೊಳ್ಳುವುದೂ ಆ ಪದ್ಧತಿಯನ್ನೇ. ಮನೆಗೆ ಬಂದದ್ದು, ಒಬ್ಬರ ಹೆಸರಿಗೆ ಬಂದದ್ದು, ತೀರ್ಮಾನದ ಮುಂಚೆ ಬಂದದ್ದು, ಈ ಮೂರೂ ಒಂದೇ ಡಬ್ಬಿಯಲ್ಲಿ ಸೇರಿದರೆ ಒಳಗೆ ಏನಿದೆ ಎಂದು ನೋಡುವ ಮುಂಚೆಯೇ ಎಚ್ಚರಾಗಬೇಕು.

ಹಾಗಾಗಿ ಹಬ್ಬಕ್ಕೆ ಹದಿನೈದು ದಿನ ಮುಂಚೆ ಎರಡು ಕೆಲಸ ಮಾಡಿ. ನಿಮ್ಮ ಜೊತೆ ವ್ಯವಹಾರ ಇರುವ ವೆಂಡರ್‌ಗಳಿಗೆಲ್ಲ ಖರೀದಿ ವಿಭಾಗದ ಮೂಲಕವೇ ಒಂದು ಪತ್ರ ಹೋಗುವಂತೆ ನೋಡಿಕೊಳ್ಳಿ: ಉಡುಗೊರೆ ಬೇಡ, ಶುಭಾಶಯ ಸಾಕು. ಮನೆಯಲ್ಲಿ ಹಿರಿಯರಿಗೂ ಗೇಟಿನ ಸೆಕ್ಯುರಿಟಿಯವರಿಗೂ ಒಂದು ಮಾತು ಹೇಳಿಡಿ: ಕಳಿಸಿದವರ ಹೆಸರು ಕೇಳಿ, ಕಂಪನಿಯ ಹೆಸರಾದರೆ ನನಗೆ ಫೋನ್ ಮಾಡಿ, ಅಲ್ಲಿಯವರೆಗೆ ಡಬ್ಬಿ ಗೇಟಿನಲ್ಲೇ ಇರಲಿ. ಹಾಗೆ ಮಾಡಿದರೆ ದೇವರ ಮುಂದಿಟ್ಟ ದೀಪವನ್ನು ಅಮ್ಮನ ಕಣ್ಣೆದುರೇ ಎತ್ತಿ ಪೊಟ್ಟಣ ಕಟ್ಟುವ ಸಂದರ್ಭ ಬರುವುದಿಲ್ಲ.